ಚಿನ್ನದ ಫ್ಯೂಚರ್ಸ್ ರೋಲ್ ಮಾಡಿದಾಗ ಹಣ ಎಲ್ಲಿ ಹೋಗುತ್ತದೆ?

ಬದಿಯಡ್ಕ, ಕುಂಬ್ಳೆ ಕಡೆಯಿಂದ ಎನ್‌ಐಎಸ್‌ಎಂ ಕಮಾಡಿಟಿ ಪರೀಕ್ಷೆಗೆ ಓದುತ್ತಿರುವ ನಮ್ಮವರಿಗೆ ಈ ಟಿಪ್ಪಣಿ. ನಮ್ಮಲ್ಲಿ ಪಾಠ ಮಲಯಾಳದಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಲೆಕ್ಕವನ್ನು ಕನ್ನಡದಲ್ಲಿ ಒಮ್ಮೆ ಬರೆದು ನೋಡಿದರೆ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಫ್ಯೂಚರ್ಸ್ ಅಂದರೇನು, ಲಾಟ್ ಅಂದರೇನು ಎಂಬುದು ಗೊತ್ತಿದೆ ಎಂದುಕೊಂಡೇ ಬರೆಯುತ್ತೇನೆ.

ಇವತ್ತಿನ ಸ್ಪಾಟ್ ದರಕ್ಕಿಂತ ಮುಂದಿನ ತಿಂಗಳುಗಳ ದರ ಜಾಸ್ತಿ ಇದ್ದರೆ ಕಾಂಟ್ಯಾಂಗೊ. ಕಡಿಮೆ ಇದ್ದರೆ ಬ್ಯಾಕ್ವರ್ಡೇಶನ್. ಚಿನ್ನದಲ್ಲಿ ಸಾಮಾನ್ಯವಾಗಿ ಕಾಣುವುದು ಕಾಂಟ್ಯಾಂಗೊ. ಮುಂದಿನ ದರ ಜಾಸ್ತಿ ಇದೆ ಅಂದರೆ ಚಿನ್ನ ಏರುತ್ತದೆ ಎಂದು ಮಾರುಕಟ್ಟೆ ಹೇಳುತ್ತಿದೆ ಎಂದಲ್ಲ. ಇವತ್ತೇ ಚಿನ್ನ ಕೊಂಡು ಆ ದಿನದವರೆಗೆ ಇಟ್ಟುಕೊಳ್ಳುವವನಿಗೆ ಬಡ್ಡಿ, ಕಾಪಾಡುವ ಖರ್ಚು, ವಿಮೆ ಬೀಳುತ್ತವೆ. ಚಿನ್ನವನ್ನು ಸಾಲ ಕೊಟ್ಟರೆ ಸಿಗುವ ಲೀಸ್ ದರವನ್ನು ಅದರಿಂದ ಕಳೆಯಬೇಕು. ಉಳಿದದ್ದೇ ಆ ಅಂತರ. ಅದರಲ್ಲಿ ಬಡ್ಡಿಯ ಪಾಲೇ ದೊಡ್ಡದು.

ಒಂದು ಎಚ್ಚರಿಕೆ. ಕಾಸರಗೋಡಿನ ಆಭರಣದ ಅಂಗಡಿಯ ಬೋರ್ಡಿನಲ್ಲಿ ಬರೆದ ಪವನಿನ ದರವನ್ನು ಸ್ಪಾಟ್ ಎಂದು ಹಿಡಿಯಬೇಡಿ. ಅದು 22 ಕ್ಯಾರೆಟ್, 8 ಗ್ರಾಂ. ಎಂಸಿಎಕ್ಸ್ ಗೋಲ್ಡ್ ಮಿನಿಯಲ್ಲಿ ಲಾಟ್ 100 ಗ್ರಾಂ, ದರ 10 ಗ್ರಾಂಗೆ, ಚಿನ್ನ 995 ಶುದ್ಧತೆಯದು. ದರ 1 ರೂಪಾಯಿ ಅಲುಗಿದರೆ ಲಾಟಿಗೆ 10 ರೂಪಾಯಿ.

ಈಗ ಎಲ್ಲರೂ ತೊಡರುವ ಜಾಗ

ಲೆಕ್ಕ ಸುಲಭವಾಗಲಿ ಎಂದು ಸುಮ್ನೆ ದುಂಡು ಅಂಕಿ ತಗೊಳ್ಳೋಣ. ಸ್ಪಾಟ್ 10 ಗ್ರಾಂಗೆ 1,00,000 ರೂಪಾಯಿ. ತಿಂಗಳಿಗೆ ಅಂತರ ಅರ್ಧ ಶೇಕಡಾ. ಒಂದು ತಿಂಗಳು ಉಳಿದಿರುವ ಗೋಲ್ಡ್ ಮಿನಿಯನ್ನು 1,00,500ಕ್ಕೆ ಕೊಂಡಿದ್ದೀರಿ. ತಿಂಗಳ ಕೊನೆಗೆ ಸ್ಪಾಟ್ 1,02,000 ಆಯಿತು. ಎಕ್ಸ್‌ಪೈರಿ ಹತ್ತಿರ ಬಂದಂತೆ ಫ್ಯೂಚರ್ಸ್ ದರ ಸ್ಪಾಟಿಗೆ ಬಂದು ಸೇರುತ್ತದೆ. ಹಾಗಾಗಿ 1,02,000ಕ್ಕೆ ಮಾರಿದಿರಿ. ಲಾಭ 1,500.

ಮುಂದಿನ ತಿಂಗಳಿನದ್ದರ ದರ ಆಗ 1,02,510. ಅದನ್ನು ಕೊಂಡಿರಿ. ರೋಲ್ ಅಂದರೆ ಇಷ್ಟೇ. ಒಂದನ್ನು ಮಾರುವುದು, ಇನ್ನೊಂದನ್ನು ಕೊಳ್ಳುವುದು. ಎರಡನೇ ತಿಂಗಳ ಕೊನೆಗೆ ಸ್ಪಾಟ್ 1,03,000. ಅಲ್ಲಿ ಮಾರಿದರೆ ಲಾಭ 490. ಒಟ್ಟು 1,990.

ಸ್ಪಾಟ್ ಏರಿದ್ದು 3,000, ನಿಮಗೆ ಸಿಕ್ಕಿದ್ದು 1,990. ಕೊರತೆ 1,010. ಅದು ಎಲ್ಲಿಂದ ಬಂತು ನೋಡಿ: ಮೊದಲು ಕೊಂಡಾಗ ಸ್ಪಾಟಿಗಿಂತ 500 ಜಾಸ್ತಿ ಕೊಟ್ಟಿರಿ, ರೋಲ್ ಮಾಡಿದಾಗ 510 ಜಾಸ್ತಿ ಕೊಟ್ಟಿರಿ. ಎರಡೂ ಸೇರಿ 1,010. ಲಾಟಿನ ಲೆಕ್ಕದಲ್ಲಿ 10,100 ರೂಪಾಯಿ.

ಇಲ್ಲೇ ಗೊಂದಲ. ರೋಲ್ ಮಾಡಿದ ದಿನ 510 ಖಾತೆಯಿಂದ ಹೋಯಿತಾ? ಇಲ್ಲ. ಆ ದಿನ ಬ್ರೋಕರೇಜು, ತೆರಿಗೆ ಬಿಟ್ಟರೆ ಒಂದು ಪೈಸೆಯೂ ಹೋಗುವುದಿಲ್ಲ. 1,02,510ಕ್ಕೆ ಕೊಂಡ ಕಾಂಟ್ರಾಕ್ಟಿನ ಅವತ್ತಿನ ಬೆಲೆ 1,02,510ವೇ ಅಲ್ವಾ? ನಷ್ಟ ಎಲ್ಲಿದೆ? ಆ 510 ಕರಗುವುದು ಮುಂದಿನ ಇಡೀ ತಿಂಗಳಲ್ಲಿ. ಸ್ಪಾಟ್ ಅಲುಗದಿದ್ದರೂ ಫ್ಯೂಚರ್ಸ್ ದರ ದಿನಕ್ಕೆ ಸುಮಾರು 17 ರೂಪಾಯಿ ಇಳಿಯುತ್ತದೆ. ಲಾಟಿಗೆ ದಿನಕ್ಕೆ 170 ರೂಪಾಯಿ. ಅದು ಪ್ರತಿದಿನದ ಮಾರ್ಕ್ ಟು ಮಾರ್ಕೆಟ್ ಲೆಕ್ಕದಲ್ಲಿ ಹೋಗುತ್ತದೆ. ಆದರೆ ಚಿನ್ನ ದಿನಕ್ಕೆ ನೂರಾರು ರೂಪಾಯಿ ಏರಿಳಿಯುವಾಗ ಈ 17 ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ಲೆಕ್ಕ ಹಾಕಲು ಎರಡು ದಾರಿ. ಪ್ರತಿ ಕಾಂಟ್ರಾಕ್ಟಿನ ಕೊಂಡ ದರ, ಮಾರಿದ ದರ ನೋಡಿ ಕೂಡಿಸಬಹುದು: 1,500 ಮತ್ತು 490. ಇಲ್ಲವೇ ಸ್ಪಾಟ್ ಏರಿಕೆಯಿಂದ ಅಂತರಗಳನ್ನು ಕಳೆಯಬಹುದು: 3,000ದಿಂದ 1,010. ಎರಡಕ್ಕೂ ಉತ್ತರ 1,990. ಎರಡನ್ನೂ ಬೆರೆಸಿ, 1,990ರಿಂದ ಮತ್ತೆ 510 ರೋಲ್ ಖರ್ಚು ಎಂದು ಕಳೆದರೆ ಒಂದೇ ಹಣವನ್ನು ಎರಡು ಸಲ ಕಳೆದಂತೆ. ಪರೀಕ್ಷೆಯ ಪ್ರಶ್ನೆ ಬಿಡಿಸುವಾಗ ಯಾವ ದಾರಿ ಹಿಡಿದಿದ್ದೇನೆ ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ.

ಹಾಗಾದರೆ ಇದು ನಿಜವಾದ ನಷ್ಟವೇ?

ಅರ್ಧ ಹೌದು, ಅರ್ಧ ಅಲ್ಲ. ಸ್ಪಾಟ್ ವರ್ಷವಿಡೀ 1,00,000ದಲ್ಲೇ ನಿಂತಿತು ಎಂದುಕೊಳ್ಳಿ. ತಿಂಗಳಿಗೆ ಲಾಟಿಗೆ 5,000ದಂತೆ ವರ್ಷಕ್ಕೆ 60,000 ಹೋಯಿತು. 10 ಲಕ್ಷದ ಚಿನ್ನಕ್ಕೆ ಶೇ 6. ಆದರೆ ನೀವು 10 ಲಕ್ಷ ಕೊಟ್ಟಿಲ್ಲವಲ್ಲ. ಮಾರ್ಜಿನ್ 1 ಲಕ್ಷ ಎಂದಿಟ್ಟುಕೊಂಡರೆ, ಉಳಿದ 9 ಲಕ್ಷ ಶೇ 6ರ ಎಫ್‌ಡಿಯಲ್ಲಿ 54,000 ತರುತ್ತದೆ. ನಿಜವಾಗಿ ಕಳೆದದ್ದು 6,000, ಜೊತೆಗೆ ಸಣ್ಣ ಖರ್ಚುಗಳು. ಗಟ್ಟಿ ಚಿನ್ನ ಕೊಂಡವನಿಗೆ ಆ 54,000 ಬಡ್ಡಿ ಸಿಗುತ್ತಿರಲಿಲ್ಲ. ರೋಲ್ ಖರ್ಚನ್ನು ಮಾತ್ರ ನೋಡಿ ಬಡ್ಡಿಯನ್ನು ಮರೆತರೆ ಹೋಲಿಕೆ ತಪ್ಪುತ್ತದೆ. ಬಡ್ಡಿಯನ್ನು ನೋಡಿ, ದರ ಬಿದ್ದ ದಿನ ಮಾರ್ಕ್ ಟು ಮಾರ್ಕೆಟಿಗೆ ಕೈಯಲ್ಲಿ ಹಣ ಬೇಕು ಎಂಬುದನ್ನು ಮರೆತರೂ ಕಷ್ಟ. ಶೇ 5 ಬಿದ್ದರೆ ಒಂದು ಲಾಟಿಗೆ 50,000 ಕೂಡಲೇ ತುಂಬಬೇಕು. ಆಗ ಎಫ್‌ಡಿ ಮುರಿದರೆ ಬಡ್ಡಿಗೂ ಕತ್ತರಿ.

ನನಗೆ ತುಂಬ ಉಪಯೋಗಕ್ಕೆ ಬರುವ ಸೂತ್ರ ಇದು:

```
ವಾರ್ಷಿಕ ಅಂತರ (%) = (ದೂರದ ದರ − ಹತ್ತಿರದ ದರ) ÷ ಹತ್ತಿರದ ದರ × 365 ÷ ನಡುವಿನ ದಿನಗಳು × 100
```

ಹತ್ತಿರದ್ದು 1,00,000, ದೂರದ್ದು 1,00,700, ನಡುವೆ 30 ದಿನ. ಉತ್ತರ ಸುಮಾರು ಶೇ 8.5. ನಿಮ್ಮ ಎಫ್‌ಡಿ ಶೇ 6.5 ಕೊಡುತ್ತಿದ್ದರೆ ನಿಜವಾದ ರೋಲ್ ಖರ್ಚು ವರ್ಷಕ್ಕೆ ಶೇ 2. ಎರಡೂ ಸಮ ಇದ್ದರೆ ರೋಲ್ ಹೆಚ್ಚುಕಡಿಮೆ ಪುಕ್ಕಟೆ. 700 ದೊಡ್ಡದೋ ಚಿಕ್ಕದೋ ಎಂದು ಬರೀ ರೂಪಾಯಿ ನೋಡಿ ಹೇಳಲಾಗದು. ಎರಡೂ ದರಗಳನ್ನು ಒಂದೇ ಹೊತ್ತಿನಲ್ಲಿ ನೋಡಿ. ದೂರದ ತಿಂಗಳಲ್ಲಿ ವ್ಯಾಪಾರ ಕಡಿಮೆ, ಕೊನೆಯ ದರ ಗಂಟೆಯಷ್ಟು ಹಳೆಯದಿರಬಹುದು. ಹತ್ತಿರದ್ದಕ್ಕೆ ಕೊಳ್ಳುವವರ ದರ, ದೂರದ್ದಕ್ಕೆ ಮಾರುವವರ ದರ ಹಾಕಿ ಲೆಕ್ಕ ಮಾಡಿ. ನಿಮಗೆ ಸಿಗುವುದು ಅವೇ.

ಬ್ಯಾಕ್ವರ್ಡೇಶನ್ ಬಗ್ಗೆ ಸ್ವಲ್ಪ

ಹತ್ತಿರದ್ದು 1,00,000, ದೂರದ್ದು 99,700 ಆದರೆ ರೋಲ್ ನಿಮ್ಮ ಪರ. ಸ್ಪಾಟ್ ನಿಂತಲ್ಲೇ ನಿಂತರೂ 300 ಸಿಗುತ್ತದೆ. ಚಿನ್ನದಲ್ಲಿ ಇದು ಅಪರೂಪ, ಏಕೆಂದರೆ ಭೂಮಿಯ ಮೇಲೆ ಆಗಲೇ ತೆಗೆದಿಟ್ಟ ಚಿನ್ನ ಬೇಕಾದಷ್ಟಿದೆ. ಕೈಯಲ್ಲಿರುವ ಲೋಹಕ್ಕೆ ದಿಢೀರ್ ಬೇಡಿಕೆ ಬಂದು ಲೀಸ್ ದರ ಬಡ್ಡಿಯನ್ನು ದಾಟಿದಾಗ ಮಾತ್ರ ಹೀಗಾಗುತ್ತದೆ. 1999ರ ಸೆಪ್ಟೆಂಬರಿನಲ್ಲಿ ಯುರೋಪಿನ ಕೇಂದ್ರ ಬ್ಯಾಂಕುಗಳು ವಾಷಿಂಗ್ಟನ್ ಒಪ್ಪಂದದಲ್ಲಿ ಮಾರಾಟಕ್ಕೆ ಮಿತಿ ಹಾಕಿ, ಸಾಲ ಕೊಡುವುದನ್ನೂ ಹೆಚ್ಚಿಸುವುದಿಲ್ಲ ಎಂದವು. ಆಗ ಲೀಸ್ ದರ ಥಟ್ಟನೆ ಜಿಗಿಯಿತು.

ನಮ್ಮ ದೇಶದಲ್ಲಿ ಇನ್ನೊಂದು ಕಾರಣಕ್ಕೂ ಅಂತರ ಅಲುಗಬಹುದು: ಆಮದು ಸುಂಕ. ಸುಂಕ ಇಳಿಯಬಹುದು ಎಂಬ ನಿರೀಕ್ಷೆ ಇದ್ದರೆ ದೂರದ ತಿಂಗಳು ಕುಗ್ಗುತ್ತದೆ. ಅದು ಲೋಹದ ಕೊರತೆಯ ಬ್ಯಾಕ್ವರ್ಡೇಶನ್ ಅಲ್ಲ. 2024ರ ಜುಲೈ ಬಜೆಟಿನಲ್ಲಿ ಸುಂಕ ಶೇ 15ರಿಂದ ಶೇ 6ಕ್ಕೆ ಇಳಿದಾಗ ಹತ್ತಿರದ್ದು, ದೂರದ್ದು ಎಲ್ಲವೂ ಒಟ್ಟಿಗೆ ಕುಸಿದವು. ರೋಲ್ ಲೆಕ್ಕ ಎಷ್ಟೇ ಸರಿ ಇದ್ದರೂ ಆ ಪೆಟ್ಟಿನಿಂದ ತಪ್ಪಿಸಿಕೊಳ್ಳಲಾಗದು.

ಉಳಿದದ್ದು ಸಣ್ಣ ಖರ್ಚು. ಮಾರುವ ಕಡೆ ಸಿಟಿಟಿ ಶೇ 0.01, ಅಂದರೆ 10 ಲಕ್ಷಕ್ಕೆ 100 ರೂಪಾಯಿ. ಬ್ರೋಕರೇಜು ಎರಡು ಸಲ. ಕೊಳ್ಳುವ ಮತ್ತು ಮಾರುವ ದರದ ನಡುವಿನ ಸಂದು ಇವೆಲ್ಲಕ್ಕಿಂತ ಭಾರ, ಅದು 50 ರೂಪಾಯಿ ಇದ್ದರೆ ಲಾಟಿಗೆ 500. ಎಂಸಿಎಕ್ಸ್ ಚಿನ್ನಕ್ಕೆ ಡೆಲಿವರಿ ಕಡ್ಡಾಯ. ಆದ್ದರಿಂದ ಟೆಂಡರ್ ಅವಧಿ ಶುರುವಾಗುವ ಮೊದಲೇ ರೋಲ್ ಮುಗಿಸಬೇಕು. ಆಮೇಲೆ ಮಾರ್ಜಿನ್ ಏರುತ್ತದೆ, ಹತ್ತಿರದ ತಿಂಗಳಲ್ಲಿ ವ್ಯಾಪಾರಿಗಳೂ ಖಾಲಿಯಾಗುತ್ತಾರೆ.