ಫೋಟೋ ಹೋಯಿತು, ಏಳನೇ ಬಾರ್ ಉಳಿಯಿತು

ಅಕ್ಕನ ಮಗಳು ಪಿಯಾನೋ ಕಲಿಯುತ್ತಿದ್ದಾಳೆ. ಕೆಲವು ತಿಂಗಳ ಹಿಂದೆ ಪುಸ್ತಕದ ಒಂದು ಪುಟದ ಫೋಟೋ ತೆಗೆದು ನನಗೆ ಕಳಿಸಿ, ಕೆಳಗೆ ಹೀಗೆ ಬರೆದಿದ್ದಳು: "ಚಿಕ್ಕಮ್ಮಾ, ಎರಡನೇ ಸಾಲಿನ ಮೂರನೇ ಬಾರ್‌ನಲ್ಲಿ ಬಲಗೈಯ ಎರಡನೇ ನೋಟು ಇ ನಾ, ಡಿ ನಾ? ಮಿಸ್ ಬೇರೆ ಹೇಳ್ತಿದಾರೆ." ಆಗ ಫೋಟೋ ನೋಡಿ ಒಂದೇ ಪದದಲ್ಲಿ ಉತ್ತರ ಕೊಟ್ಟಿದ್ದೆ. ಮೊನ್ನೆ ಅವಳು ಅದನ್ನೇ ಮತ್ತೆ ಕೇಳಿದಳು. ಹಳೆ ಮೆಸೇಜು ತೆಗೆದು ನೋಡಿದರೆ ಫೋಟೋ ಇದ್ದ ಜಾಗದಲ್ಲಿ ಮಸುಕಾದ ಚೌಕ ಮಾತ್ರ ಉಳಿದಿತ್ತು. ಪುಸ್ತಕ ಯಾರದೋ ಆಗಿತ್ತು, ವಾಪಸ್ ಹೋಗಿತ್ತು.

ಉಳಿದದ್ದು ಆ ಒಂದು ವಾಕ್ಯ. ಅದರಿಂದ ಏನೂ ತಿಳಿಯುವುದಿಲ್ಲ. "ಎರಡನೇ ಸಾಲು" ಅನ್ನುವುದು ಆ ಮುದ್ರಣದ ಲೆಕ್ಕ. ಬಾರ್ ಎಂದರೆ ಸಾಲಿನಲ್ಲಿ ಎರಡು ನಿಂತ ಗೆರೆಗಳ ನಡುವಿನ ತುಂಡು. ಅದೇ ಸಂಗೀತವನ್ನು ಒಬ್ಬರು ಸಾಲಿಗೆ ನಾಲ್ಕು ಬಾರ್ ಇಟ್ಟು ಅಚ್ಚು ಮಾಡುತ್ತಾರೆ, ಇನ್ನೊಬ್ಬರು ಆರು ಇಡುತ್ತಾರೆ. ಫೋಟೋ ಇಲ್ಲದೆಯೂ ನಿಲ್ಲುವ ಹಾಗೆ ಆ ಜಾಗವನ್ನು ಬರೆದಿಡುವುದು ಹೇಗೆ ಎಂದು ಅವಳಿಗೆ ಹೇಳಿಕೊಡುತ್ತಾ ಕೂತೆ. ನುಡಿಸುತ್ತಿದ್ದದ್ದು ಬೀಥೋವನ್‌ನ 'ಫ್ಯೂರ್ ಎಲೀಸೆ'. ಟಿಂಗ್ ಟಿಂಗ್ ಎಂದು ಶುರುವಾಗುವ, ಎಲ್ಲರೂ ಒಮ್ಮೆಯಾದರೂ ಕೇಳಿರುವ ತುಣುಕು. ಅವಳು ಕೇಳಿದ್ದ ನೋಟಿನ ಬಗ್ಗೆ ವಿದ್ವಾಂಸರಲ್ಲೂ ಜಗಳ ಇದೆ. ಅಲ್ಲಿಗೆ ಆಮೇಲೆ ಬರೋಣ.

ಮೊದಲು ಬಾರ್ ಎಣಿಸಬೇಕು. ಈ ತುಣುಕು ಪೂರ್ತಿ ಬಾರ್‌ನಿಂದ ಶುರುವಾಗುವುದಿಲ್ಲ. ಮೊದಲ ಬಾರ್ ಗೆರೆಗೂ ಮುಂಚೆ ಎರಡು ಪುಟ್ಟ ನೋಟುಗಳಿವೆ. ನಮ್ಮಲ್ಲಿ ಅತೀತ ಎಡುಪು ಇರುತ್ತಲ್ಲ, ತಾಳ ಬೀಳುವ ಮೊದಲೇ ಹಾಡು ಶುರುವಾಗುವುದು, ಹಾಗೆ. ಆ ಚೂರನ್ನು ಎಣಿಕೆಗೆ ಸೇರಿಸಬಾರದು. ಅದರ ನಂತರದ್ದು ಒಂದನೇ ಬಾರ್. ಇದು ತಪ್ಪಿದರೆ ಮುಂದಿನ ಎಲ್ಲ ಸಂಖ್ಯೆಗಳೂ ಒಂದೊಂದು ಜರುಗುತ್ತವೆ. ಹಾಗೆ ಎಣಿಸಿದಾಗ ಅವಳು ಕೇಳಿದ ಜಾಗ ಏಳನೇ ಬಾರ್.

ಆಮೇಲೆ ಶ್ರುತಿ, ಅಂದರೆ ಕೀ. ಸಾಲಿನ ಶುರುವಿನಲ್ಲಿ ನೋಟನ್ನು ಅರ್ಧ ಹೆಜ್ಜೆ ಏರಿಸುವ ಶಾರ್ಪ್ ಆಗಲಿ ಇಳಿಸುವ ಫ್ಲಾಟ್ ಆಗಲಿ ಒಂದೂ ಇಲ್ಲ. ಖಾಲಿ ಎಂದರೆ ಸಿ ಮೇಜರ್ ಇರಬಹುದು, ಎ ಮೈನರ್ ಇರಬಹುದು. ಬರೀ "ಕೀ ಸಿಗ್ನೇಚರ್ ಖಾಲಿ" ಎಂದು ಬರೆದರೆ ಅರ್ಧ ಮಾತ್ರ ಹೇಳಿದ ಹಾಗೆ. ಇಲ್ಲಿ ಸಾಲು ಎ ನೋಟಿನ ಮೇಲೆ ನಿಲ್ಲುತ್ತದೆ, ನಡುವೆ ಜಿ ಶಾರ್ಪ್ ಬರುತ್ತದೆ. ಹಾಗಾಗಿ ಇದು ಎ ಮೈನರ್. ಪುಟದಲ್ಲಿ ಕಂಡದ್ದು ಮತ್ತು ಅದರಿಂದ ನಾವು ತಿಳಿದದ್ದು ಎರಡನ್ನೂ ಬೇರೆ ಬೇರೆಯಾಗಿ ಬರೆದಿಡುವುದು ಒಳ್ಳೆಯದು.

ಶಾರ್ಪ್ ಗುರುತುಗಳ ವಿಷಯಕ್ಕೆ ಬಂದಾಗ ಒಂದನೇ ಬಾರ್ ಅನ್ನೇ ಹತ್ತಿರದಿಂದ ನೋಡಿದೆವು. ಅಲ್ಲಿ ಆರು ನೋಟುಗಳಿವೆ: ಇ, ಡಿ ಶಾರ್ಪ್, ಇ, ಬಿ, ಡಿ, ಸಿ. ಒಂದೇ ಬಾರ್‌ನಲ್ಲಿ ಡಿ ಎರಡು ಸಲ ಬಂದಿದೆ. ಮೊದಲ ಡಿಗೆ ಶಾರ್ಪ್ ಇದೆ. ಸ್ಟಾಫ್ ನೊಟೇಶನ್‌ನಲ್ಲಿ ಒಮ್ಮೆ ಹಾಕಿದ ಶಾರ್ಪ್ ಆ ಬಾರ್ ಮುಗಿಯುವವರೆಗೂ ಅದೇ ಗೆರೆಯ ನೋಟಿಗೆ ಅನ್ವಯಿಸುತ್ತದೆ. ಅದಕ್ಕೇ ಎರಡನೇ ಡಿ ಮುಂದೆ ಒಂದು ನ್ಯಾಚುರಲ್ ಗುರುತು ಅಚ್ಚಾಗಿರುತ್ತದೆ: ಶಾರ್ಪ್ ಸಾಕು, ಬರೀ ಡಿ ನುಡಿಸು ಎಂದು. ನಾವು ಮಾತಿನಲ್ಲಿ ಬರೆಯುವಾಗ ಮೊದಲು ಬಿಟ್ಟುಹೋಗುವುದು ಈ ನ್ಯಾಚುರಲ್. "ಡಿ" ಎಂದು ಸುಮ್ನೆ ಬರೆದರೆ ಓದುವವರಿಗೆ ಅನುಮಾನ ಬರುತ್ತದೆ: ಇದು ನಿಜವಾಗಿ ಡಿಯೋ, ಹಳೇ ಶಾರ್ಪ್ ಇನ್ನೂ ಅಂಟಿಕೊಂಡಿದೆಯೋ? "ಡಿ ನ್ಯಾಚುರಲ್" ಎಂದು ಪೂರ್ತಿ ಬರೆಯಬೇಕು.

ಕರ್ನಾಟಕ ಸಂಗೀತ ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ. ಎ ಅನ್ನು ಷಡ್ಜ ಎಂದು ಇಟ್ಟುಕೊಂಡರೆ ಆ ಪ್ರಸಿದ್ಧ ಸಾಲು, ಮುಂಚಿನ ಎರಡು ನೋಟು ಸೇರಿಸಿ, ಹೀಗಾಗುತ್ತದೆ: ಪ ಮ2 ಪ ಮ2 ಪ ರಿ2 ಮ1 ಗ2 ಸ. ಪ್ರತಿ ಮಧ್ಯಮ ಎರಡು ಸಲ, ಹಿಂದೆಯೇ ಶುದ್ಧ ಮಧ್ಯಮ. ಆ ಪುಟ್ಟ ನ್ಯಾಚುರಲ್ ಗುರುತು ಹೇಳುತ್ತಿರುವುದು ಈ ಬದಲಾವಣೆಯನ್ನೇ. ಒಂದು ವ್ಯತ್ಯಾಸ ನೆನಪಿಡಬೇಕು, ನಮ್ಮ ಸ್ವರಲಿಪಿಯಲ್ಲಿ ಷಡ್ಜ ಎಲ್ಲಿ ಬೇಕಾದರೂ ಇರಬಹುದು. ಅಚ್ಚಿನ ಪುಟದಲ್ಲಿ ಇರುವುದು ಪಿಯಾನೋದ ಇಂಥದ್ದೇ ಕೀಲಿ. ಹಾಗಾಗಿ ಸ್ವರಲಿಪಿಯೊಂದನ್ನೇ ಇಟ್ಟುಕೊಂಡರೆ "ಸ = ಎ" ಎಂದು ಪಕ್ಕದಲ್ಲಿ ಬರೆಯಲೇಬೇಕು.

ಯಾವ ಸ್ಥಾಯಿ ಎಂಬುದೂ ಬೇಕು. ಪಿಯಾನೋದಲ್ಲಿ ಏಳು ಇ ಇವೆ. ಅದಕ್ಕೆ ಸುಲಭ ದಾರಿ ಅಂಕಿ ಹಾಕುವುದು. ಪಿಯಾನೋದ ನಡುವಿನ ಸಿ ಅನ್ನು ಸಿ4 ಎಂದರೆ ಅದರ ಮೇಲಿನ ಸಿ ಸಿ5 ಆಗುತ್ತದೆ, ಸಾಲು ಶುರುವಾಗುವ ಇ ಇ5 ಆಗುತ್ತದೆ. ಕೆಲವು ಕೀಬೋರ್ಡ್‌ಗಳಲ್ಲಿ ಅದೇ ನಡುವಿನ ಸಿ ಅನ್ನು ಸಿ3 ಎನ್ನುತ್ತಾರೆ. ಆದ್ದರಿಂದ "ನಡು ಸಿ = ಸಿ4" ಎಂದು ಮೇಲೆ ಒಮ್ಮೆ ಬರೆದುಬಿಟ್ಟರೆ ಗೊಂದಲ ಇಲ್ಲ.

ಈಗ ಕಾಲ. ಟೈಮ್ ಸಿಗ್ನೇಚರ್ 3/8. ಅಂದರೆ ಒಂದು ಬಾರ್‌ನಲ್ಲಿ ಮೂರು ಕ್ವೇವರ್, ಅಥವಾ ಆರು ಸೆಮಿಕ್ವೇವರ್. ಸೆಮಿಕ್ವೇವರ್ ಒಂದನ್ನು ಒಂದು ಪಾಲು ಎಂದುಕೊಂಡರೆ ಬಾರ್ ಎಂದರೆ ಆರು ಪಾಲು. ಎರಡು ಕೈ ಎಲ್ಲಿ ಸೇರುತ್ತವೆ, ಎಲ್ಲಿ ಬಿಡುತ್ತವೆ ಎಂದು ಹೇಳಲೂ ಇದೇ ಪಾಲು ಸಾಕು. ಅವಳ ಏಳನೇ ಬಾರ್ ಅನ್ನು ಹಾಗೆ ಬರೆದೆವು.

ಬಲಗೈ, ಟ್ರೆಬಲ್ ಕ್ಲೆಫ್: ಪಾಲು 1 ಮತ್ತು 2 ಸೇರಿ ಬಿ4, ಒಂದು ಕ್ವೇವರ್. ಪಾಲು 3 ಮೌನ. ಪಾಲು 4 ಜಗಳದ ನೋಟು. ಪಾಲು 5 ಸಿ5. ಪಾಲು 6 ಬಿ4. ಎಡಗೈ, ಬೇಸ್ ಕ್ಲೆಫ್: ಪಾಲು 1 ಇ2, ಪಾಲು 2 ಇ3, ಪಾಲು 3 ಜಿ ಶಾರ್ಪ್ 3, ಉಳಿದ ಮೂರು ಪಾಲು ಮೌನ. ಬರೆದು ನೋಡಿದಾಗ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಎಡಗೈ ಮೂರು ಪಾಲು ಏರಿ ಸುಮ್ಮನಾಗುತ್ತದೆ, ಅಲ್ಲಿಂದ ಬಲಗೈ ಎತ್ತಿಕೊಳ್ಳುತ್ತದೆ. ಸಾಲಿನ ಶುರುವಿನಲ್ಲಿರುವ ಕ್ಲೆಫ್ ಗುರುತಿನ ಹೆಸರು ಬಿಡಬಾರದು, ಯಾಕೆಂದರೆ ಅದೇ ಕೆಳಗಿನ ಗೆರೆ ಟ್ರೆಬಲ್‌ನಲ್ಲಿ ಇ, ಬೇಸ್‌ನಲ್ಲಿ ಜಿ.

ಹೀಗೆ ಬರೆದಾಗ ತಪ್ಪು ಹಿಡಿಯಲು ಒಂದು ಲೆಕ್ಕ ತಾನಾಗಿ ಸಿಗುತ್ತದೆ. ಪ್ರತಿ ಬಾರ್ ಕೂಡಿದರೆ ಆರು ಬರಬೇಕು. ಐದು ಬಂದರೆ ಒಂದು ಮೌನವನ್ನೋ ನೋಟನ್ನೋ ಬಿಟ್ಟಿದ್ದೇವೆ. ಮೊದಲ ಸಲ ಎಂಟನೇ ಬಾರ್‌ಗೆ ಬಂದಾಗ ನಾಲ್ಕೇ ಪಾಲು ಸಿಕ್ಕಿ ಅವಳು ಗಾಬರಿಯಾದಳು. ಅದು ತಪ್ಪಲ್ಲ. ಅಲ್ಲಿಂದ ಮತ್ತೆ ಶುರುವಿಗೆ ಹೋಗಬೇಕು, ಶುರುವಿನ ಆ ಎರಡು ಪುಟ್ಟ ನೋಟುಗಳು ಸೇರಿದರೆ ಆರು ಆಗುತ್ತದೆ.

ಇಷ್ಟನ್ನೂ ಇನ್ನೂ ಚಿಕ್ಕದಾಗಿ, ಸಾಮಾನ್ಯ ಅಕ್ಷರಗಳಲ್ಲೇ ಬರೆಯುವ ಪದ್ಧತಿ ಒಂದಿದೆ. ಎಬಿಸಿ ನೊಟೇಶನ್ ಎನ್ನುತ್ತಾರೆ. ಬಲಗೈಯ ಮೊದಲ ನಾಲ್ಕು ಬಾರ್ ಅದರಲ್ಲಿ ಹೀಗಿರುತ್ತದೆ:

```
X:1
M:3/8
L:1/16
K:Am
e^d|e^deB=dc|A2zCEA|B2zE^GB|c2zEe^d|
```

ದೊಡ್ಡ `C` ನಡುವಿನ ಸಿ, ಸಣ್ಣ `c` ಅದರ ಮೇಲಿನದು. `^` ಶಾರ್ಪ್, `=` ನ್ಯಾಚುರಲ್, `z` ಮೌನ, `2` ಎಂದರೆ ಎರಡು ಪಾಲು. ಒಂದನೇ ಬಾರ್‌ನ ಆ ನ್ಯಾಚುರಲ್ ಇಲ್ಲಿ ಒಂದೇ ಒಂದು `=` ಆಗಿ ನಿಂತಿದೆ. ಅದನ್ನು ಅಳಿಸಿ ಕಂಪ್ಯೂಟರಿನಲ್ಲಿ ನುಡಿಸಿದರೆ ಡಿ ಶಾರ್ಪ್ ಕೇಳಿಸುತ್ತದೆ, ಸಾಲು ಕೆಡುತ್ತದೆ. ಅವಳಿಗೆ ಹಾಗೆ ಅಳಿಸಿ ಕೇಳಿಸಿದೆ. ತಕ್ಷಣ ಮುಖ ಹಿಂಡಿದಳು.

ಆದರೆ ಪಾಲಿನ ಲೆಕ್ಕಕ್ಕೆ ಸಿಗದ ತಪ್ಪು ಒಂದಿದೆ. ಏಳನೇ ಬಾರ್‌ನ ನಾಲ್ಕನೇ ಪಾಲಿನಲ್ಲಿ ಇ4 ಇದ್ದರೂ ಡಿ4 ಇದ್ದರೂ ಮೊತ್ತ ಆರೇ. ಪುಟದ ಮೇಲೆ ಇವೆರಡಕ್ಕೂ ಇರುವ ದೂರ ತೀರಾ ಕಡಿಮೆ. ಇ4 ಐದು ಗೆರೆಗಳಲ್ಲಿ ಕೆಳಗಿನ ಗೆರೆಯ ಮೇಲೆ ಕೂರುತ್ತದೆ, ಗೆರೆ ಅದರ ಹೊಟ್ಟೆಯ ಮಧ್ಯೆ ಹಾಯುತ್ತದೆ. ಡಿ4 ಅದೇ ಗೆರೆಗೆ ಕೆಳಗಿನಿಂದ ತಗುಲಿಕೊಂಡು ಜೋತುಬಿದ್ದಿರುತ್ತದೆ. ಕೈಬರಹದಲ್ಲಿ, ಅವಸರದಲ್ಲಿ, ಶಾಯಿ ಸ್ವಲ್ಪ ಹರಡಿದರೆ ಯಾವುದೆಂದು ಹೇಳುವುದು ಕಷ್ಟ. ಅದಕ್ಕೆ ನೋಟಿನ ಹೆಸರಿನ ಜೊತೆ ಅದು ಕೂತ ಜಾಗವನ್ನೂ, ಪಕ್ಕದ ನೋಟಿಗೆ ಇರುವ ದೂರವನ್ನೂ ಬರೆಯಬೇಕು. ಪಿಯಾನೋದಲ್ಲಿ ಕಪ್ಪು ಬಿಳಿ ಎರಡೂ ಸೇರಿಸಿ ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಇರುವ ದೂರ ಒಂದು ಸೆಮಿಟೋನ್. ಇ4 ಆದರೆ ಮುಂದಿನ ಸಿ5ಗೆ ಎಂಟು ಸೆಮಿಟೋನ್, ಡಿ4 ಆದರೆ ಹತ್ತು. ಮೂರು ಮಾತೂ ಒಂದನ್ನೇ ಹೇಳಿದರೆ ನಂಬಬಹುದು.

ಬೀಥೋವನ್‌ನ ಈ ತುಣುಕಿನ ಕತೆಯೂ ನಮ್ಮ ಫೋಟೋದ ಕತೆಯೇ. ಅವನು ತೀರಿಕೊಂಡದ್ದು 1827ರಲ್ಲಿ. ಲುಡ್ವಿಗ್ ನೋಲ್ ಎಂಬ ಸಂಗೀತ ವಿದ್ವಾಂಸ ಮ್ಯೂನಿಕ್‌ನಲ್ಲಿ ಒಬ್ಬರ ಬಳಿ ಇದ್ದ ಬೀಥೋವನ್‌ನ ಕೈಬರಹ ನೋಡಿ, ನಕಲು ಮಾಡಿಕೊಂಡು, 1867ರಲ್ಲಿ ಅಚ್ಚು ಹಾಕಿಸಿದ. ಆ ಕೈಬರಹ ಆಮೇಲೆ ಕಳೆದುಹೋಯಿತು, ಇವತ್ತಿಗೂ ಸಿಕ್ಕಿಲ್ಲ. ನಮ್ಮ ಕೈಲಿ ಇರುವುದು ನೋಲ್ ಕಂಡು ಬರೆದದ್ದು. ಅದರಲ್ಲಿ ಏಳನೇ ಬಾರ್‌ನ ಆ ನೋಟು ಇ4. ಆದರೆ ಮುಂದೆ ಅದೇ ಸಾಲು ಮರಳಿ ಬಂದಾಗ ಅದೇ ಜಾಗದಲ್ಲಿ ಡಿ4. ಬೀಥೋವನ್‌ನ ಒಂದು ಕರಡು ಪುಟ ಬಾನ್ ನಗರದ ಬೀಥೋವನ್ ಹೌಸ್‌ನಲ್ಲಿ ಉಳಿದಿದೆ. ಅದರಲ್ಲಿ ಏಳನೇ ಬಾರ್‌ನಲ್ಲೂ ಡಿ4 ಇರುವ ಹಾಗೆ ಕಾಣುತ್ತದೆ.

ನನಗೆ ಡಿ ಸರಿ ಎನಿಸುತ್ತದೆ. ಆ ಬಾರ್‌ನ ಎಡಗೈಯಲ್ಲಿ ಇ ಮತ್ತು ಜಿ ಶಾರ್ಪ್ ಇವೆ, ಬಲಗೈಯಲ್ಲಿ ಬಿ ಇದೆ. ಅದರ ಮೇಲೆ ಡಿ ಬಿದ್ದರೆ ಇ ಸೆವೆಂತ್ ಕಾರ್ಡ್ ಪೂರ್ತಿಯಾಗುತ್ತದೆ, ಎಂಟನೇ ಬಾರ್‌ನ ಎ ಕಡೆಗೆ ಎಳೆತ ಜಾಸ್ತಿಯಾಗುತ್ತದೆ. ಆದರೆ ಇ ಕೂಡ ಆ ಕಾರ್ಡ್‌ಗೆ ಸೇರಿದ್ದೇ, ಕಿವಿಗೆ ತಪ್ಪು ಎನಿಸುವುದಿಲ್ಲ. ಆದ್ದರಿಂದ ಕಿವಿಯೊಂದನ್ನೇ ನಂಬಿ ತೀರ್ಮಾನ ಮಾಡಲಾಗದು. ಮುದ್ರಣಗಳಲ್ಲಿ ಎರಡೂ ಸಿಗುತ್ತವೆ. ಅವಳ ಪುಸ್ತಕ ಮತ್ತು ಮಿಸ್ ಬೇರೆ ಬೇರೆ ಹೇಳಿದ್ದಕ್ಕೆ ಇದೇ ಕಾರಣ ಇದ್ದೀತು.

ಹಾಗಾಗಿ ಅವಳ ನೋಟ್‌ಬುಕ್ಕಿನಲ್ಲಿ ಡಿ ಎಂದು ತಿದ್ದಿಸಲಿಲ್ಲ. ಪುಸ್ತಕ ವಾಪಸ್ ತರಿಸಿ, ಕಂಡದ್ದನ್ನು ಅವಳೇ ಬರೆದಳು: "ಬಾರ್ 7, ಬಲಗೈ, ಪಾಲು 4: ಈ ಪುಸ್ತಕದಲ್ಲಿ ಇ4, ಕೆಳಗಿನ ಗೆರೆಯ ಮೇಲೆ, ಮುಂದಿನ ಸಿ5ಗೆ 8 ಸೆಮಿಟೋನ್. ಇದೇ ಸಾಲು ಮತ್ತೆ ಬಂದಾಗ ಡಿ4." ಅದರ ಕೆಳಗೆ ಪುಸ್ತಕದ ಹೆಸರು, ಅಚ್ಚಾದ ವರ್ಷ. ಆಮೇಲೆ ಕೇಳಿದಳು, "ಚಿಕ್ಕಮ್ಮಾ, ಪರೀಕ್ಷೆಲಿ ಯಾವುದು ನುಡಿಸ್ಲಿ?" ಪರೀಕ್ಷೆಗೆ ಯಾವ ಪುಸ್ತಕ ಇಟ್ಟಿದ್ದಾರೋ ಅದರಲ್ಲಿ ಇರುವುದನ್ನೇ ನುಡಿಸು ಎಂದೆ.