ರಾತ್ರಿ ಕರೆಂಟ್ ಬಳಸುವವರೂ ಟ್ರಾನ್ಸ್‌ಫಾರ್ಮರ್‌ಗೆ ಪಾಲು ಕೊಡಬೇಕಾ?

ದಾವಣಗೆರೆಯ ಮಿಲ್‌ಗಳ ವಿದ್ಯುತ್ ಲೆಕ್ಕ ನೋಡುವುದು ನನ್ನ ಕೆಲಸ. ಒಂದೇ ಕಾಂಪೌಂಡಿನಲ್ಲಿ ಎರಡು ಘಟಕ ನಡೆಸುವ ಕುಟುಂಬಗಳಲ್ಲಿ ಯೂನಿಟ್ ಬಗ್ಗೆ ತಕರಾರು ಬರುವುದು ಕಡಿಮೆ. ಅದನ್ನು ಸಬ್‌ಮೀಟರ್ ಹೇಳಿಬಿಡುತ್ತದೆ. ತಕರಾರು ಏನಿದ್ದರೂ ಟ್ರಾನ್ಸ್‌ಫಾರ್ಮರ್ ಖರ್ಚನ್ನು ಯಾರು ಎಷ್ಟು ಹೊರಬೇಕು ಅನ್ನೋದರ ಮೇಲೆ.

ಒಂದು ಉದಾಹರಣೆ ಮಾಡಿಕೊಳ್ಳೋಣ. ಅಣ್ಣನ ಅವಲಕ್ಕಿ ಮಿಲ್ ಹಗಲು ನಡೆಯುತ್ತದೆ, ತಮ್ಮನ ಕೋಲ್ಡ್ ಸ್ಟೋರೇಜ್ ರಾತ್ರಿ. ಇಬ್ಬರಿಗೂ ಒಂದೇ ಟ್ರಾನ್ಸ್‌ಫಾರ್ಮರ್. ತಮ್ಮ ಹೇಳುತ್ತಾನೆ: "ಅಣ್ಣಾ, ಅದು ನಿನ್ನ ಹಗಲಿನ ಲೋಡಿಗೆ ಹಾಕಿದ್ದು. ರಾತ್ರಿ ಸುಮ್ನೆ ನಿಂತಿರ್ತದೆ. ನಾನ್ಯಾಕೆ ಕೊಡ್ಲಿ?"

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಫ್ರಾನ್ಸಿನ ಸರ್ಕಾರಿ ವಿದ್ಯುತ್ ಸಂಸ್ಥೆಯನ್ನು ಮುಂದೆ ಮುನ್ನಡೆಸಿದ ಮಾರ್ಸೆಲ್ ಬ್ವಾತೋ 1949ರಲ್ಲೇ ಈ ಪ್ರಶ್ನೆಯನ್ನು ಲೆಕ್ಕಕ್ಕೆ ಇಳಿಸಿದರು. ಸಾಮರ್ಥ್ಯ ಬೇಕಾಗಿರುವುದೇ ಜಾಸ್ತಿ ಬೇಡಿಕೆಯ ಹೊತ್ತಿಗೆ ಆದರೆ, ಅದರ ಖರ್ಚೂ ಆ ಹೊತ್ತಿನವರದೇ. ರಾತ್ರಿಯವರು ಯೂನಿಟ್ ಹಣ ಕೊಟ್ಟರೆ ಸಾಕು. ಆದರೆ ಇದಕ್ಕೊಂದು ಷರತ್ತಿದೆ. ರಾತ್ರಿಯವರಿಗೆ ಪುಕ್ಕಟೆ ಬಿಟ್ಟ ಮೇಲೂ ಅವರ ಲೋಡು ಹಗಲಿನದಕ್ಕಿಂತ ಕೆಳಗೇ ಉಳಿಯಬೇಕು.

ಅಂಕಿ ಹಾಕಿ ನೋಡೋಣ. ಟ್ರಾನ್ಸ್‌ಫಾರ್ಮರ್ ಖರ್ಚು ಕಿಲೋವ್ಯಾಟಿಗೆ ದಿನಕ್ಕೆ 8 ರೂಪಾಯಿ ಬೀಳುತ್ತದೆ ಅನ್ನಿ. ಯೂನಿಟ್ ದರ ಇದರಲ್ಲಿ ಸೇರಿಲ್ಲ. ಈ ಖರ್ಚು ಮೈಮೇಲೆ ಬೀಳದಿದ್ದರೆ ಅಣ್ಣ 100 ಕಿಲೋವ್ಯಾಟ್ ಎಳೆಯುತ್ತಾನೆ, ತಮ್ಮ 80. ಒಂದೊಂದು ರೂಪಾಯಿ ಏರಿದ ಹಾಗೆ ಇಬ್ಬರೂ ಐದೈದು ಕಿಲೋವ್ಯಾಟ್ ಇಳಿಸುತ್ತಾರೆ. ಅಷ್ಟು ಬೆಲೆಗೆ ಒಂದು ಮೆಷಿನ್ ನಿಲ್ಲಿಸುವುದೇ ಲಾಭ ಅಂತ ಅನ್ನಿಸುತ್ತದಲ್ಲ, ಹಾಗೆ.

ತಮ್ಮನ ಮಾತಿನಂತೆ 8 ರೂಪಾಯಿಯನ್ನೂ ಹಗಲಿಗೇ ಹಾಕಿದೆವು. ಅಣ್ಣ 60ಕ್ಕೆ ಇಳಿದ. ಅವನೊಬ್ಬನೇ ಖರ್ಚು ಹೊರುವುದರಿಂದ ಟ್ರಾನ್ಸ್‌ಫಾರ್ಮರ್ ಕೂಡ 60ರದ್ದೇ ಹಾಕಿಸಿದ. ತಮ್ಮ ಮಾತ್ರ ಪುಕ್ಕಟೆ ಅಂತ 80 ಎಳೆಯುತ್ತಿದ್ದಾನೆ. ಈಗ ಓವರ್‌ಲೋಡ್ ಆಗುವುದು ರಾತ್ರಿ! ಪೀಕ್, ಅಂದರೆ ಲೋಡ್ ಅತಿ ಜಾಸ್ತಿ ಇರುವ ಹೊತ್ತು, ಹೋಗಲಿಲ್ಲ, ಹಗಲಿನಿಂದ ರಾತ್ರಿಗೆ ಜಾರಿತು ಅಷ್ಟೇ.

ಸರಿ, ಅರ್ಧರ್ಧ ಮಾಡೋಣ ಅಂತ ಹಿರಿಯರು ಹೇಳುತ್ತಾರೆ. ತಲಾ 4 ರೂಪಾಯಿ. ಅಣ್ಣ 80, ತಮ್ಮ 60. ಟ್ರಾನ್ಸ್‌ಫಾರ್ಮರ್ 80ರದ್ದು ಬೇಕು, ಖರ್ಚು 640. ಬಂದದ್ದು 320 ಮತ್ತು 240, ಒಟ್ಟು 560. 80 ರೂಪಾಯಿ ಕೈ ಬಿಟ್ಟಿತು. ಅದರ ಮೇಲೆ ರಾತ್ರಿ 20 ಕಿಲೋವ್ಯಾಟ್ ಖಾಲಿ ನಿಂತಿದೆ. ನ್ಯಾಯದ ಹಾಗೆ ಕಾಣುವ ಈ ದಾರಿ ನನಗೆ ಯಾವತ್ತೂ ಹಿಡಿಸಿಲ್ಲ.

ಸರಿಯಾದ ದಾರಿಯನ್ನು 1957ರಲ್ಲಿ ಪೀಟರ್ ಸ್ಟೈನರ್ ತೋರಿಸಿದರು. ಒಂದೇ ಕಿಲೋವ್ಯಾಟನ್ನು ಹಗಲಿನವರೂ ರಾತ್ರಿಯವರೂ ಬಳಸುತ್ತಾರೆ. ಹಾಗಾಗಿ ಅದಕ್ಕೆ ಇಬ್ಬರೂ ಕೊಡಲು ಒಪ್ಪುವ ಬೆಲೆಯನ್ನು ಕೂಡಿಸಿ, ಆ ಮೊತ್ತ 8ಕ್ಕೆ ಸಮ ಆಗುವ ತನಕ ಸಾಮರ್ಥ್ಯ ಏರಿಸುತ್ತಾ ಹೋಗಬೇಕು. ಇಲ್ಲಿ ಅದು 70ರಲ್ಲಿ ನಿಲ್ಲುತ್ತದೆ. 70ನೇ ಕಿಲೋವ್ಯಾಟಿಗೆ ಅಣ್ಣ 6 ಕೊಡುತ್ತಾನೆ, ತಮ್ಮ 2. ಖರ್ಚು 560, ವಸೂಲಿಯೂ 420 ಮತ್ತು 140 ಸೇರಿ 560. ಎರಡೂ ಹೊತ್ತು ಟ್ರಾನ್ಸ್‌ಫಾರ್ಮರ್ ತುಂಬಿ ಓಡುತ್ತದೆ. ತಮ್ಮನ ಪೂರ್ತಿ ಬೇಡಿಕೆ 80ರ ಬದಲು 50 ಆಗಿದ್ದರೆ ಅವನ ವಾದವೇ ಗೆಲ್ಲುತ್ತಿತ್ತು. ಪುಕ್ಕಟೆ ಕೊಟ್ಟರೂ ಅಣ್ಣನ 60 ದಾಟುವುದಿಲ್ಲ ಅಲ್ವಾ?

ಪೀಕ್ ಜಾರುವುದು ಕಾಂಪೌಂಡಿನ ಒಳಗಿನ ಕಥೆ ಮಾತ್ರ ಅಲ್ಲ. ಮೊದಲೆಲ್ಲ ಕಾರ್ಖಾನೆಗಳಿಗೆ ರಿಯಾಯಿತಿ ಅಂದರೆ ರಾತ್ರಿ ಹತ್ತರ ನಂತರ. ಸೋಲಾರ್ ಬಂದ ಮೇಲೆ ಕರೆಂಟ್ ಹೇರಳವಾಗಿ ಸಿಗುವ ಹೊತ್ತೇ ಬದಲಾಯಿತು. 2023ರ ಕೇಂದ್ರದ ನಿಯಮ ಬಿಸಿಲಿನ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು ಎನ್ನುತ್ತದೆ. ಪೀಕ್ ಹೊತ್ತಿನಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಬಳಕೆದಾರರಿಗೆ ಕನಿಷ್ಠ 1.2 ಪಟ್ಟು.

ರಿಯಾಯಿತಿ ನೋಡಿ ಲೋಡ್ ಸರಿಸುವವರು ಎಡವುವುದು ಡಿಮ್ಯಾಂಡ್ ಚಾರ್ಜಿನಲ್ಲಿ. ಎಚ್‌ಟಿ, ಅಂದರೆ ಹೈ ಟೆನ್ಶನ್ ಸಂಪರ್ಕದ ಬಿಲ್ಲಿನಲ್ಲಿ ಅದು ತಿಂಗಳಲ್ಲಿ ಒಮ್ಮೆ ಮುಟ್ಟಿದ ಗರಿಷ್ಠ ಲೋಡಿನ ಮೇಲೆ ಬೀಳುತ್ತದೆ. ಆ ಗರಿಷ್ಠ ಸಂಜೆ ಏಳಕ್ಕೆ ಬಂತೋ ಅಗ್ಗದ ಹೊತ್ತಿನಲ್ಲಿ ಬಂತೋ ಅಂತ ಅದು ಕೇಳುವುದಿಲ್ಲ. ಎಲ್ಲ ಮೋಟರನ್ನೂ ಅಗ್ಗದ ಹೊತ್ತಿಗೆ ಒಟ್ಟಿಗೇ ಹಚ್ಚಿದರೆ ಯೂನಿಟ್ಟಿನಲ್ಲಿ ಉಳಿಸಿದ್ದು ಇಲ್ಲಿ ಕೈ ಬಿಡಬಹುದು. ಗೊತ್ತಾಗುವುದು ಹೇಗೆ? ಮೀಟರಿನ ಲೋಡ್ ಸರ್ವೆ, ಅಂದರೆ ಯಾವ ಹೊತ್ತಿಗೆ ಎಷ್ಟು ಲೋಡ್ ಇತ್ತು ಅನ್ನೋ ದಾಖಲೆ ತೆಗೆಸಿ, ಲೋಡ್ ಸರಿಸುವ ಮೊದಲಿನ ತಿಂಗಳದ್ದನ್ನೂ ನಂತರದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗರಿಷ್ಠ ಲೋಡ್ ದಾಖಲಾದ ಗಂಟೆ ರಿಯಾಯಿತಿ ಹೊತ್ತಿಗೆ ಹೋಗಿದ್ದು, ಅಂಕಿಯೂ ಏರಿದ್ದರೆ ನಿಮ್ಮ ಪೀಕ್ ಜಾರಿದೆ. ಆಗ ಮೋಟರ್‌ಗಳನ್ನು ಒಂದಾದ ಮೇಲೊಂದು ಹಚ್ಚುವ ಹಾಗೆ ಪಾಳಿ ಹಾಕಿ.