ಬಟ್ಟೆಯ ಮಾಸ್ಕಿನಲ್ಲಿ ಸೇರಿಹೋದ ಕುತ್ತಿಗೆ, ಕೈ, ಸರ: ಪರಿಶೀಲನೆಯ ಟಿಪ್ಪಣಿ

ಫೋಟೋದಲ್ಲಿರುವ ಉಡುಪಿನ ಬಣ್ಣ ಬದಲಿಸಲು ಅಥವಾ ಅದರ ಜಾಗದಲ್ಲಿ ಬೇರೊಂದು ಉಡುಪನ್ನು ಕೂರಿಸಲು, ಬಟ್ಟೆಗೆ ಸೇರಿದ ಪಿಕ್ಸೆಲ್‌ಗಳನ್ನಷ್ಟೇ ಗುರುತಿಸುವ ಮಾಸ್ಕ್ ಬೇಕಾಗುತ್ತದೆ. ಇದನ್ನು ಸ್ವಯಂಚಾಲಿತವಾಗಿ ಪಡೆಯಲು ಉಡುಪು ಮತ್ತು ದೇಹದ ಭಾಗಗಳಿಗೆ ಲೇಬಲ್ ಹಾಕಿದ ಫೋಟೋಗಳ ಸಂಗ್ರಹವಾದ ಎಟಿಆರ್ ದತ್ತಾಂಶದ ಮೇಲೆ ತರಬೇತಾದ ಸೆಗ್‌ಫಾರ್ಮರ್ ಮಾದರಿಯನ್ನು ಅನೇಕರು ಬಳಸುತ್ತಾರೆ. ಅದು ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿಯಲು ಮೊದಲು ಅದರ ಲೇಬಲ್‌ಗಳ ಪಟ್ಟಿಯನ್ನೇ ಓದಬೇಕು. ಹಿನ್ನೆಲೆಯೂ ಸೇರಿ ಅದರಲ್ಲಿ 18 ಲೇಬಲ್‌ಗಳಿವೆ. ಮುಖ, ಕೂದಲು, ಎಡಗೈ, ಬಲಗೈ, ಮೇಲುಡುಪು, ಬೆಲ್ಟ್, ಚೀಲ ಎಲ್ಲವೂ ಇವೆ. ಆದರೆ ಕುತ್ತಿಗೆಗೆ ಲೇಬಲ್ ಇಲ್ಲ, ಆಭರಣಕ್ಕೂ ಇಲ್ಲ. ಪ್ರತಿ ಪಿಕ್ಸೆಲ್ಲಿಗೂ ಇರುವ ಲೇಬಲ್‌ಗಳಲ್ಲೇ ಒಂದನ್ನು ಕೊಡಲೇಬೇಕಾದ್ದರಿಂದ, ಕುತ್ತಿಗೆಯ ಮೇಲ್ಭಾಗ ಮುಖಕ್ಕೆ ಹೋದರೆ ಕೆಳಭಾಗ ಮೇಲುಡುಪಿಗೆ ಸೇರಿಬಿಡಬಹುದು. ಇಂಥದ್ದೇ ಇನ್ನೊಂದು ಸಂಗ್ರಹವಾದ ಸಿಐಎಚ್‌ಪಿ ದತ್ತಾಂಶದಲ್ಲಿ ಮುಂಡದ ಚರ್ಮಕ್ಕೆಂದೇ ಪ್ರತ್ಯೇಕ ಲೇಬಲ್ ಇದೆ. ಆಳವಾದ ಕೊರಳಿನ ಉಡುಪುಗಳೇ ಹೆಚ್ಚಿದ್ದರೆ ಅದರ ಮೇಲೆ ತರಬೇತಾದ ಮಾದರಿಯನ್ನು ಆರಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಕಾರಣ ಮಾದರಿಯ ನೋಟದ ಸೂಕ್ಷ್ಮತೆಗೆ ಸಂಬಂಧಿಸಿದ್ದು. 1536×2048 ಅಳತೆಯ ಒಂದು ಫೋಟೋ ಇದೆಯೆಂದು ಭಾವಿಸೋಣ: ವಿ ಆಕಾರದ ಕೊರಳಿನ ಉಡುಪು, ಕೊರಳಲ್ಲಿ ತೆಳುವಾದ ಸರ, ಸೊಂಟದ ಮೇಲಿಟ್ಟ ಒಂದು ಕೈ. ಚಿತ್ರವನ್ನು 512×512ಕ್ಕೆ ಇಳಿಸಿ ಕೊಟ್ಟಾಗ ಸೆಗ್‌ಫಾರ್ಮರ್ ಅದರ ಕಾಲುಭಾಗದ ಅಳತೆಯಲ್ಲಿ, ಅಂದರೆ 128×128 ಚೌಕಗಳಲ್ಲಿ ಉತ್ತರಿಸುತ್ತದೆ. ಹಾಗಾಗಿ ಒಂದೊಂದು ಚೌಕವೂ ಮೂಲ ಫೋಟೋದ 12×16 ಪಿಕ್ಸೆಲ್‌ಗಳನ್ನು ಆವರಿಸುತ್ತದೆ. ಸರದ ದಪ್ಪ 6 ಪಿಕ್ಸೆಲ್ ಆಗಿದ್ದರೆ ಅದು ಒಂದು ಚೌಕದಷ್ಟೂ ಇಲ್ಲ. ಸರ ಬಟ್ಟೆಯ ಮೇಲೆ ಇಳಿದಿರುವಲ್ಲಿ ಅದು ಬಟ್ಟೆಯೊಳಗೆ ಕರಗಿಹೋಗುತ್ತದೆ. ಬೆರಳುಗಳ ನಡುವಿನ ಸಂದಿಗಳದ್ದೂ ಇದೇ ಕಥೆ: ಸಂದಿಯಲ್ಲಿ ಕಾಣುವ ಬಟ್ಟೆ ಕೈಗೆ ಸೇರುತ್ತದೆ, ಇಲ್ಲವೇ ಬೆರಳಿನ ಅಂಚು ಬಟ್ಟೆಗೆ ಸೇರುತ್ತದೆ.

ಇಂಥ ತಪ್ಪುಗಳು ಒಟ್ಟಾರೆ ಅಂಕದಲ್ಲಿ ಕಾಣಿಸುವುದಿಲ್ಲ. ಮೇಲಿನ ಫೋಟೋದಲ್ಲಿ ಉಡುಪು ನಿಜವಾಗಿ 6,00,000 ಪಿಕ್ಸೆಲ್ ಇದ್ದು, ಮಾಸ್ಕ್ ಅಷ್ಟನ್ನೂ ಹಿಡಿದು ಜೊತೆಗೆ ಕುತ್ತಿಗೆಯ 9,000 ಪಿಕ್ಸೆಲ್‌ಗಳನ್ನೂ ನುಂಗಿದೆ ಎಂದುಕೊಳ್ಳಿ. ಮಾಸ್ಕ್ ಮತ್ತು ನಿಜವಾದ ಉಡುಪು ಎಷ್ಟು ಹೊಂದುತ್ತವೆ ಎಂದು ಹೇಳುವ ಐಒಯು ಅಳತೆ 6,00,000 / 6,09,000, ಅಂದರೆ ಸುಮಾರು 0.985 ಬರುತ್ತದೆ, ನೋಡಲು ಬಹಳ ಚೆನ್ನಾಗಿಯೇ ಇದೆ. ಆದರೆ ಕಾಣುವ ಕುತ್ತಿಗೆ ಒಟ್ಟು 30,000 ಪಿಕ್ಸೆಲ್ ಆಗಿದ್ದರೆ, ಅದರ ಶೇ. 30 ಭಾಗ ಹೊಸ ಉಡುಪಿನ ಬಣ್ಣ ಪಡೆಯುತ್ತದೆ. ಆದ್ದರಿಂದ ಕೆಲವು ಮಾದರಿ ಫೋಟೋಗಳಲ್ಲಿ ಕುತ್ತಿಗೆ, ಕೈ, ಆಭರಣಗಳನ್ನು ಕೈಯಿಂದಲೇ ಗುರುತಿಸಿಟ್ಟುಕೊಂಡು, ಪ್ರತಿಯೊಂದು ಭಾಗದಲ್ಲೂ ಸೋರಿಕೆಯನ್ನು ಬೇರೆಯಾಗಿ ಅಳೆಯಬೇಕು:

```python
cloth = (labels == 4) | (labels == 7)   # Upper-clothes, Dress
leak = (cloth & neck).sum() / neck.sum()
```

ಇಲ್ಲಿ `labels` ಎಂಬುದು ಮಾದರಿ ಪ್ರತಿ ಪಿಕ್ಸೆಲ್ಲಿಗೆ ಕೊಟ್ಟ ಲೇಬಲ್ ಸಂಖ್ಯೆ, `neck` ಎಂಬುದು ಕೈಯಿಂದ ಗುರುತಿಸಿದ ಕುತ್ತಿಗೆಯ ಮಾಸ್ಕ್. ಕಣ್ಣಿನಿಂದ ನೋಡುವಾಗ ಮಾಸ್ಕನ್ನು ಅರೆಪಾರದರ್ಶಕ ಬಣ್ಣವಾಗಿ ಹರಡುವುದಕ್ಕಿಂತ ಅದರ ಅಂಚನ್ನು ಮಾತ್ರ ತೆಳು ಗೆರೆಯಾಗಿ ಬಿಡಿಸಿ, ಮೂಲ ಅಳತೆಯಲ್ಲಿ ನೋಡುವುದು ಮೇಲು, ಏಕೆಂದರೆ ಹರಡಿದ ಬಣ್ಣದಡಿ ಸರವೇ ಮರೆಯಾಗುತ್ತದೆ. ಗಲ್ಲದ ನೆರಳು ಬಿದ್ದಿರುವ ಜಾಗ, ಪಾರದರ್ಶಕ ಬಟ್ಟೆ ಮತ್ತು ಚರ್ಮದ ಬಣ್ಣಕ್ಕೆ ಹತ್ತಿರವಾದ ಬಟ್ಟೆ, ಈ ಮೂರನ್ನು ವಿಶೇಷವಾಗಿ ಗಮನಿಸಿ. ಮುಖದ ಬಣ್ಣದೊಂದಿಗೆ ಹೋಲಿಸಿ ಚರ್ಮವನ್ನು ಕಳೆಯುವ ಉಪಾಯ ಈ ಮೂರು ಕಡೆಯೂ ನಂಬಿಕೆಗೆ ಅರ್ಹವಲ್ಲ.

ತಿದ್ದಲು, ಬಿಂದು ಇಟ್ಟು ತೋರಿಸಿದ ವಸ್ತುವಿನ ಮಾಸ್ಕ್ ಕೊಡುವ ಸ್ಯಾಮ್ ಮಾದರಿ ನೆರವಾಗುತ್ತದೆ, ಆದರೆ ಇಡೀ ಫೋಟೋವನ್ನು ಅದಕ್ಕೆ ಕೊಟ್ಟರೆ ಪ್ರಯೋಜನ ಕಡಿಮೆ. ಅದು ಚಿತ್ರದ ಉದ್ದ ಬದಿಯನ್ನು 1024ಕ್ಕೆ ತಂದು 256×256 ಅಳತೆಯ ಮಾಸ್ಕ್ ಕೊಡುವುದರಿಂದ, ನಮ್ಮ ಫೋಟೋದಲ್ಲಿ ಒಂದು ಚೌಕ 8 ಪಿಕ್ಸೆಲ್ ಆಗುತ್ತದೆ. 6 ಪಿಕ್ಸೆಲ್ಲಿನ ಸರ ಮತ್ತೆ ತಪ್ಪಿಹೋಗುತ್ತದೆ. ಕೊರಳಿನ ಸುತ್ತಲಿನ 512×512 ಭಾಗವನ್ನಷ್ಟೇ ಕತ್ತರಿಸಿ ಕೊಟ್ಟರೆ ಒಂದು ಚೌಕ 2 ಪಿಕ್ಸೆಲ್‌ಗೆ ಇಳಿಯುತ್ತದೆ, ಆಗ ಸರ ಹಿಡಿತಕ್ಕೆ ಸಿಗುತ್ತದೆ. ಸರದ ಮೇಲೆ ‘ಇದು ಬೇಕು’ ಎನ್ನುವ ಬಿಂದುಗಳನ್ನೂ ಪಕ್ಕದ ಬಟ್ಟೆ ಮತ್ತು ಚರ್ಮದ ಮೇಲೆ ‘ಇದು ಬೇಡ’ ಎನ್ನುವ ಬಿಂದುಗಳನ್ನೂ ಇಟ್ಟು ಪಡೆದ ಮಾಸ್ಕನ್ನು ಬಟ್ಟೆಯ ಮಾಸ್ಕಿನಿಂದ ಕಳೆಯಬೇಕು. ಒಂದೇ ಬಿಂದು ಇಟ್ಟರೆ ಸ್ಯಾಮ್ ಮೂರು ಸಾಧ್ಯತೆಗಳನ್ನು ಮುಂದಿಡುತ್ತದೆ. ಅದು ತಾನೇ ಹೆಚ್ಚು ಅಂಕ ಕೊಟ್ಟದ್ದು ಇಡೀ ಎದೆಭಾಗವೂ ಆಗಿರಬಹುದಾದ್ದರಿಂದ ಮೂರನ್ನೂ ನೋಡಿಯೇ ಆರಿಸಿ. ಕೈಗೂ ಇದೇ ಕ್ರಮ ಸಾಕು.

ಕಳೆದ ಮೇಲೆ ಎದುರು ದಿಕ್ಕಿನ ತಪ್ಪನ್ನೂ ಅಳೆಯಬೇಕು: ನಿಜವಾದ ಬಟ್ಟೆಯಲ್ಲಿ ಎಷ್ಟು ಭಾಗ ಮಾಸ್ಕಿನಿಂದ ಹೊರಗುಳಿಯಿತು ಎಂಬುದನ್ನು. ಸರದ ಸುತ್ತ ಬಟ್ಟೆಯ ಅಂಚೂ ಕತ್ತರಿಸಿಹೋದರೆ ಅಲ್ಲಿ ಹಳೆಯ ಬಣ್ಣದ ಗೆರೆ ಉಳಿಯುತ್ತದೆ. ಹಳೆಯ ಅಂಚು ಕಾಣದಿರಲೆಂದು ಮಾಸ್ಕನ್ನು ಕೆಲವು ಪಿಕ್ಸೆಲ್ ಹಿಗ್ಗಿಸುವ ರೂಢಿಯಿದೆ. ಆ ಹಿಗ್ಗುವಿಕೆ ಕುತ್ತಿಗೆಯತ್ತಲೂ ಬೆರಳುಗಳತ್ತಲೂ ಹರಿಯುವುದರಿಂದ, ಕುತ್ತಿಗೆ, ಕೈ ಮತ್ತು ಆಭರಣದ ಮಾಸ್ಕ್‌ಗಳನ್ನು ಹಿಗ್ಗಿಸಿದ ನಂತರ ಮತ್ತೊಮ್ಮೆ ಕಳೆದು, ಸೋರಿಕೆಯ ಅಳತೆಯನ್ನು ಆ ಅಂತಿಮ ಮಾಸ್ಕಿನ ಮೇಲೆಯೇ ತೆಗೆಯಬೇಕು.